ವಿಶ್ವದಾಖಲೆಗಳಲ್ಲಿ ಹೆಣ್ಣು-ಗಂಡಿನ ಅಂತರ: ಓಟಕ್ಕೊಂದು, ಈಜಿಗೊಂದು, ಎಸೆತಕ್ಕೊಂದು

ಡಿಸ್ಕಸ್ ಎಸೆತದ ವಿಶ್ವದಾಖಲೆಗಳನ್ನು ಮೊದಲ ಬಾರಿಗೆ ನೋಡುವವರು ಬೆರಗಾಗುವುದು ಸಹಜ. ಪೂರ್ವ ಜರ್ಮನಿಯ ಗೇಬ್ರಿಯೆಲೆ ರೈನ್ಷ್ 1988ರಲ್ಲಿ ಸ್ಥಾಪಿಸಿದ ಮಹಿಳಾ ದಾಖಲೆ 76.80 ಮೀಟರ್. ಲಿಥುವೇನಿಯಾದ ಮೈಕೋಲಾಸ್ ಅಲೆಕ್ನಾ 2025ರಲ್ಲಿ ಸ್ಥಾಪಿಸಿದ ಪುರುಷರ ದಾಖಲೆ 75.56 ಮೀಟರ್. ಆದರೆ ಈ ಅಂಕಿಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಪುರುಷರ ಡಿಸ್ಕಸ್ ಎರಡು ಕಿಲೋ ತೂಗಿದರೆ, ಮಹಿಳೆಯರದು ಒಂದೇ ಕಿಲೋ.

ಓಟದಲ್ಲಿ ಈ ತೊಡಕಿಲ್ಲ. 100 ಮೀಟರ್ ಓಟದಲ್ಲಿ ಉಸೇನ್ ಬೋಲ್ಟ್ 2009ರಲ್ಲಿ ಸ್ಥಾಪಿಸಿದ ದಾಖಲೆ 9.58 ಸೆಕೆಂಡ್, ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 1988ರಲ್ಲಿ ಸ್ಥಾಪಿಸಿದ್ದು 10.49 ಸೆಕೆಂಡ್. ಅಂತರ ಸುಮಾರು ಶೇ. 9.5. ಬಾಲ್ಯದಲ್ಲಿ ಅತ್ಯಲ್ಪವಾಗಿರುವ ಈ ವ್ಯತ್ಯಾಸ ಹರೆಯಕ್ಕೆ ಕಾಲಿಟ್ಟ ನಂತರ ಹಿಗ್ಗುತ್ತದೆ. ಟೆಸ್ಟೋಸ್ಟಿರಾನ್ ಹಾರ್ಮೋನಿನ ಪ್ರಭಾವದಿಂದ ಗಂಡಿನ ಸ್ನಾಯು, ಎಲುಬು ಮತ್ತು ರಕ್ತದಲ್ಲಿನ ಹಿಮೋಗ್ಲೋಬಿನ್ ಹೆಚ್ಚುವುದೇ ಇದಕ್ಕೆ ಮುಖ್ಯ ಕಾರಣ.

ಈಜಿನಲ್ಲಿ ದೂರ ಹೆಚ್ಚಿದಂತೆ ಚಿತ್ರ ಬದಲಾಗುತ್ತದೆ. 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಚೀನಾದ ಪಾನ್ ಝಾನ್ಲೆ 2024ರಲ್ಲಿ 46.40 ಸೆಕೆಂಡ್‌ಗಳ ದಾಖಲೆ ಬರೆದರು. ಸ್ವೀಡನ್ನಿನ ಸಾರಾ ಶೋಸ್ಟ್ರೋಮ್ 2017ರಲ್ಲಿ ಬರೆದದ್ದು 51.71 ಸೆಕೆಂಡ್. ಇಲ್ಲಿನ ಅಂತರ ಶೇ. 11ನ್ನೂ ಮೀರುತ್ತದೆ. ಆದರೆ 1,500 ಮೀಟರ್‌ನಲ್ಲಿ ಬಾಬಿ ಫಿಂಕ್ (2024) ಅವರ 14 ನಿಮಿಷ 30.67 ಸೆಕೆಂಡಿಗೂ ಕೇಟಿ ಲೆಡೆಕಿ (2018) ಅವರ 15 ನಿಮಿಷ 20.48 ಸೆಕೆಂಡಿಗೂ ನಡುವೆ ಇರುವುದು ಶೇ. 6ಕ್ಕಿಂತ ಕಡಿಮೆ ಅಂತರ. ನೆಲದ ಮೇಲೆ ಹೊರೆಯಾಗುವ ಕೊಬ್ಬು ನೀರಿನಲ್ಲಿ ದೇಹವನ್ನು ತೇಲಿಸುತ್ತದೆ. ಮಹಿಳೆಯರ ಕಾಲುಗಳು ಕಡಿಮೆ ಮುಳುಗುವುದರಿಂದ ನೀರಿನ ಎಳೆತವೂ ಕಡಿಮೆ. ಅಲ್ಪದೂರದ ಸ್ಪರ್ಧೆಯಲ್ಲಿ ಸ್ನಾಯುಬಲವೇ ಮೇಲಾಗುತ್ತದೆ. ದೀರ್ಘದೂರದಲ್ಲಿ ಈ ಉಳಿತಾಯ ಕೈಹಿಡಿಯುತ್ತದೆ.

ಎಸೆತದ ನಿಜಸ್ಥಿತಿಯನ್ನು ಜಾವೆಲಿನ್ ಚೆನ್ನಾಗಿ ತೋರಿಸುತ್ತದೆ. 1996ರಲ್ಲಿ ಯಾನ್ ಝೆಲೆಜ್ನಿ 800 ಗ್ರಾಂ ಈಟಿಯನ್ನು 98.48 ಮೀಟರ್ ಎಸೆದರು. 2008ರಲ್ಲಿ ಬಾರ್ಬೋರಾ ಶ್ಪೊಟಾಕೋವಾ 600 ಗ್ರಾಂ ಈಟಿಯನ್ನು 72.28 ಮೀಟರ್ ದಾಟಿಸಿದರು. ಈಟಿ ಹಗುರವಾಗಿದ್ದರೂ ಅಂತರ ಸುಮಾರು ಶೇ. 27. ಮಹಿಳೆ-ಪುರುಷರ ಬಲದ ವ್ಯತ್ಯಾಸ ಕಾಲುಗಳಿಗಿಂತ ಭುಜ-ತೋಳುಗಳಲ್ಲಿ ಹೆಚ್ಚು ಎಂಬುದು ಇದಕ್ಕೆ ಒಂದು ಕಾರಣ. ಲೆಕ್ಕದ ಸೂಕ್ಷ್ಮವೂ ಒಂದಿದೆ. ಎಸೆದ ದೂರ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಹೀಗಾಗಿ ಈಟಿ ಕೈಬಿಡುವ ವೇಗದಲ್ಲಿ ಸುಮಾರು ಶೇ. 14ರಷ್ಟು ಕೊರತೆಯಾದರೂ ದೂರದಲ್ಲಿ ಅದು ಶೇ. 27 ಆಗಿ ಕಾಣುತ್ತದೆ. ಓಟದಲ್ಲಿ ಅಳೆಯುವುದು ಸಮಯವನ್ನು, ಎಸೆತದಲ್ಲಿ ದೂರವನ್ನು ಎಂಬುದನ್ನು ಮರೆತರೆ ಹೋಲಿಕೆ ದಾರಿ ತಪ್ಪುತ್ತದೆ.

ದಾಖಲೆಯ ಕಾಲವನ್ನೂ ಗಮನಿಸಬೇಕು. ಪೂರ್ವ ಜರ್ಮನಿಯಲ್ಲಿ ಸರ್ಕಾರವೇ ಉದ್ದೀಪನ ಮದ್ದು ಕೊಡಿಸುತ್ತಿದ್ದುದು ನಂತರ ದಾಖಲೆಪತ್ರಗಳಿಂದ ಬಯಲಾಯಿತು. ಪುರುಷ ಹಾರ್ಮೋನನ್ನು ಹೋಲುವ ಆ ಮದ್ದಿನ ಪರಿಣಾಮ ಮಹಿಳೆಯರ ಮೇಲೆಯೇ ಅಧಿಕ. ಆದ್ದರಿಂದ 1980ರ ದಶಕದ ಅಂಕಿಗಳನ್ನಷ್ಟೇ ನೋಡಿದರೆ, ಅಂತರ ಇರುವುದಕ್ಕಿಂತ ಕಿರಿದಾಗಿ ಕಾಣುವ ಸಾಧ್ಯತೆಯಿದೆ.