‘ನಮ್ಮೂರಿನವರು’ ಎಂಬ ಪದದ ಅನುವಾದ

ಕಾಸರಗೋಡಿನ ಒಳನಾಡಿನ ಅನುದಾನಿತ ಕನ್ನಡ ಶಾಲೆಯೊಂದರ ಸಮಿತಿಯವರು, ಸೋರುವ ಎರಡು ಕೊಠಡಿಗಳ ಮಾಡನ್ನು ದುರಸ್ತಿಪಡಿಸಲು ಬರೆದ ಮನವಿಯನ್ನೂ ಅದರ ಇಂಗ್ಲಿಷ್ ಅನುವಾದವನ್ನೂ ನನ್ನಲ್ಲಿಗೆ ತಂದಿದ್ದರು. ಭಾಷೆ ಸ್ವಚ್ಛವಾಗಿತ್ತು. ಆದರೆ ‘ಹೊರದೇಶದಲ್ಲಿರುವ ನಮ್ಮೂರಿನವರೆಲ್ಲ ಕೈಲಾದಷ್ಟು ನೀಡಬೇಕು’ ಎಂಬ ವಾಕ್ಯವನ್ನು ಹಾಗೆಯೇ ಇಂಗ್ಲಿಷಿಗೆ ತಂದು, ಕೆಳಗೆ ಶಾಲೆಯ ಸ್ಥಳೀಯ ಖಾತೆಸಂಖ್ಯೆಯನ್ನು ಕೊಡಲಾಗಿತ್ತು.

ಕನ್ನಡಕ್ಕೆ ನಮ್ಮೂರಿನವರೆಲ್ಲರೂ ಒಂದೇ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆ ಮಾತ್ರ ಪೌರತ್ವವನ್ನು ನೋಡುತ್ತದೆ. ಭಾರತದ ಪೌರರಾಗಿಯೇ ಉಳಿದು ದುಬೈಯಲ್ಲಿ ದುಡಿಯುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆಯಲ್ಲ. ಅವರ ಅಣ್ಣ ಅಮೆರಿಕದ ಪೌರರಾಗಿದ್ದರೆ, ಓಸಿಐ ಕಾರ್ಡಿದ್ದರೂ, ರಜೆಯಲ್ಲಿ ಊರಿಗೆ ಬಂದು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ಅದಕ್ಕೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ಬಳಿಕ ಆ ಹಣ ಮೊದಲು ಬಂದು ಸೇರಬೇಕಾದುದೂ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ.

ಆದುದರಿಂದ ಇಂಗ್ಲಿಷ್ ಪ್ರತಿಯಲ್ಲಿ, ‘ಸದ್ಯ ಭಾರತದ ಪಾಸ್‌ಪೋರ್ಟ್ ಉಳ್ಳವರಿಂದ ಮಾತ್ರ ದೇಣಿಗೆ ಸ್ವೀಕರಿಸುತ್ತೇವೆ, ಅದರ ಪ್ರತಿಯನ್ನು ಲಗತ್ತಿಸಿರಿ’ ಎಂದು ಬರೆಸಿದೆ. ಬಿರುಸಾದ ವಾಕ್ಯ, ನಿಜ.

‘ಹಾಗಾದರೆ ಅಮೆರಿಕದ ಅಣ್ಣನಿಗೆ ಏನು ಹೇಳೋಣ?’ ಎಂದರು ಕಾರ್ಯದರ್ಶಿ. ನೋಂದಣಿಗೆ ಸಂಸ್ಥೆ ಮೂರು ವರ್ಷಗಳಲ್ಲಿ 15 ಲಕ್ಷ ರೂಪಾಯಿ ವ್ಯಯಿಸಿರಬೇಕು. ಸಣ್ಣ ಸಮಿತಿಗಳಿಗೆ ಅದು ಕಠಿಣ. ಪೂರ್ವಾನುಮತಿ ಸಿಗುವುದು ಗೊತ್ತಾದ ದಾನಿ, ಗೊತ್ತಾದ ಮೊತ್ತ, ಗೊತ್ತಾದ ಉದ್ದೇಶಕ್ಕೆ. ಅವರು ಹಣದ ಬದಲು ಮೊದಲು ಈ ಮೂರನ್ನೂ ನಮೂದಿಸಿದ ಬದ್ಧತಾಪತ್ರವನ್ನು ಕಳುಹಿಸಲಿ.