ಮರೆವಿನ ಅಜ್ಜಿ ಹಠ ಹಿಡಿದರೆ ಬೈಯಬೇಡಿ, ಮೊದಲು ಶುಗರ್ ನೋಡಿ

ಚಿತ್ರದುರ್ಗ: ಶುಗರ್ ಅಂದರೆ ಎಲ್ಲರಿಗೂ ಏರುವುದರದೇ ಚಿಂತೆ. ಆದರೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ ಇರುವ ವೃದ್ಧರಿಗೆ ಗಂಟೆಗಳಲ್ಲೇ ಜೀವಕ್ಕೆ ಕುತ್ತು ತರುವುದು ಅದರ ಇಳಿತ. ಬೇರೆಯವರಾದರೆ ಕೈ ನಡುಗ್ತಿದೆ ಅಂತ ಹೇಳಿ ಸಕ್ಕರೆ ಕೇಳುತ್ತಾರೆ. ಇವರಿಗೆ ಹೇಳೋಕೆ ಬರಲ್ಲ. ವೃದ್ಧಾಶ್ರಮವಿರಲಿ, ಹಿರಿಯೂರು, ಹೊಸದುರ್ಗದ ಮನೆಯಿರಲಿ, ನೋಡಿಕೊಳ್ಳುವವರೇ ಗುರುತಿಸಬೇಕು.

ಎಡವಟ್ಟಾಗುವುದು ಹೆಚ್ಚಾಗಿ ಮಾತ್ರೆ ಮತ್ತು ತಿಂಡಿಯ ನಡುವೆ. ಉದಾಹರಣೆಗೆ, 78 ವರ್ಷದ ಅಜ್ಜಿಗೆ ಬೆಳಗ್ಗೆ 8ಕ್ಕೆ ಗ್ಲಿಮೆಪಿರೈಡ್ ಮಾತ್ರೆ ಕೊಟ್ಟರು ಅಂದುಕೊಳ್ಳಿ. ಉಪ್ಪಿಟ್ಟು ಎರಡೇ ತುತ್ತು ತಿಂದು ತಟ್ಟೆ ತಳ್ಳಿದರು. ತಿಂಡಿ ಹೊಟ್ಟೆಗೆ ಹೋಗದಿದ್ದರೂ ಮಾತ್ರೆ ಸಕ್ಕರೆ ಇಳಿಸುತ್ತಲೇ ಇರುತ್ತದೆ. 11ರ ಹೊತ್ತಿಗೆ ಅಜ್ಜಿ ಬೈಯುತ್ತಾರೆ, ಸೀರೆ ಎಳೆದಾಡುತ್ತಾರೆ, ಆಮೇಲೆ ಮಂಕಾಗಿ ಕೂರುತ್ತಾರೆ. 'ಇವತ್ತು ಹಠ ಜಾಸ್ತಿ' ಅಂತ ಬಿಟ್ಟುಬಿಡುವುದು ಇಲ್ಲೇ.

ಅನುಭವ ಇರುವ ಆಯಾಗಳು ನೋಡುವುದು ಒಂದನ್ನೇ: ನಿನ್ನೆಯ ಹಾಗೆ ಇದ್ದಾರಾ? ದಿನಾ ಮಾತಾಡುವವರು ಸುಮ್ಮನಾದರೆ, ನಡೆಯುವವರು ತೂರಾಡಿದರೆ, ಸೆಕೆಯಿಲ್ಲದೆ ಕತ್ತು, ಹಣೆ ತಣ್ಣಗೆ ಬೆವರಿದರೆ ತಕ್ಷಣ ಬೆರಳು ಚುಚ್ಚಿ ನೋಡುತ್ತಾರೆ. ಅಟೆನೊಲಾಲ್‌ನಂಥ ಬಿಪಿ ಮಾತ್ರೆ ತಗೊಳ್ಳುವವರಲ್ಲಿ ನಡುಕ, ಎದೆಬಡಿತ ಕಾಣದೇ ಹೋಗಬಹುದು, ಬೆವರು ಮಾತ್ರ ಬರುತ್ತದೆ.

ಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಲೋ ಶುಗರ್, 54ಕ್ಕಿಂತ ಕಡಿಮೆಯಾದರೆ ಗಂಭೀರ. ನಮ್ಮ ಅಜ್ಜಿಗೆ 58 ಬಂತು ಅನ್ನಿ. ಎಚ್ಚರವಿದ್ದು ನುಂಗುತ್ತಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಿದಾಗ 66 ಇದ್ದರೆ ಅಷ್ಟೇ ಸಕ್ಕರೆ ಇನ್ನೊಮ್ಮೆ. 70 ದಾಟಿದ ಮೇಲೆ ಅನ್ನ ಮೊಸರೋ, ಮೆತ್ತನೆ ಮುದ್ದೆಯೋ ತಿನ್ನಿಸಬೇಕು. ಮೀಟರ್ ಇಲ್ಲದ ಮನೆಯಲ್ಲಿ ಅನುಮಾನ ಬಂದರೆ ಕಾಯದೆ ಸಕ್ಕರೆ ಕೊಡುವುದೇ ಸರಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು.

ಹುಷಾರಾದರು ಅಂತ ಅಲ್ಲಿಗೇ ಬಿಡುವಂತಿಲ್ಲ. ಗ್ಲಿಮೆಪಿರೈಡ್ ಪ್ರಭಾವ ಇಡೀ ದಿನ ಇರುತ್ತದೆ. ಕಿಡ್ನಿ ದುರ್ಬಲವಾಗಿದ್ದರೆ ಇನ್ನೂ ಹೆಚ್ಚು ಹೊತ್ತು. ಸಂಜೆ, ರಾತ್ರಿ ಮತ್ತೆ ಇಳಿಯಬಹುದು, ಆದ್ದರಿಂದ ಅವತ್ತೇ ಡಾಕ್ಟರಿಗೆ ತಿಳಿಸಬೇಕು.

ವೈದ್ಯರು ಇಂಥ ವೃದ್ಧರಿಗೆ ಬಿಗಿ ಕಂಟ್ರೋಲ್ ಕೇಳುವುದಿಲ್ಲ. ಸಕ್ಕರೆ ಸ್ವಲ್ಪ ಮೇಲಿದ್ದರೂ ಪರವಾಗಿಲ್ಲ, ಇಳಿಯಬಾರದು ಅನ್ನುವುದೇ ಲೆಕ್ಕ. ಮೆಟ್‌ಫಾರ್ಮಿನ್ ಒಂದನ್ನೇ ತಗೊಂಡರೆ ಲೋ ಆಗುವುದು ಅಪರೂಪ. ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ವಿಷಯದಲ್ಲೇ ಹುಷಾರಿರಬೇಕು. ತಟ್ಟೆ ಖಾಲಿಯಾಗುವುದು ಖಾತ್ರಿಯಿಲ್ಲದವರಿಗೆ ಊಟ ಶುರುವಾದ ಮೇಲೆ ಇನ್ಸುಲಿನ್ ಕೊಡಬಹುದಾ ಅಂತ ಡಾಕ್ಟರನ್ನೇ ಕೇಳಬೇಕು. ಕೆಲವು ಬಗೆಯ ಇನ್ಸುಲಿನ್‌ಗೆ ಅದು ಸಾಧ್ಯ.

ಇದರಲ್ಲಿ ಮೆಡಿಕಲ್ ಶಾಪಿನವರ ಪಾತ್ರವೂ ಇದೆ. ಮಗ ಬೆಂಗಳೂರಲ್ಲಿ, ತಾಯಿ ಹೊಳಲ್ಕೆರೆಯಲ್ಲಿ, ಹಳೇ ಚೀಟಿಗೆ ಅದೇ ಮಾತ್ರೆ ವರ್ಷಗಟ್ಟಲೆ ಹೋಗುತ್ತಿರುತ್ತದೆ. ಅಷ್ಟರಲ್ಲಿ ತಾಯಿಯ ತೂಕ, ಊಟ ಎರಡೂ ಇಳಿದಿರುತ್ತವೆ. ಚೀಟಿಯ ತಾರೀಕು ನೋಡಿ, 'ಊಟ ಮೊದಲಿನಷ್ಟೇ ಮಾಡ್ತಾರಾ?' ಅಂತ ಕೌಂಟರಿನಲ್ಲಿ ಕೇಳಲು ಅರ್ಧ ನಿಮಿಷ ಸಾಕು.