ಸೌಂಡ್‌ಬಾರ್ ಬೇಡ, ಅಟ್ಟದ ಮೇಲಿನ ಆಂಪ್ಲಿಫೈಯರ್ ಸಾಕು (ಭಾಗ 4)

ಮನೇಲಿ ಪಿಎಸ್5 ಇದೆ. ಅಟ್ಟದ ಮೇಲೆ ಅಪ್ಪನ ಕಾಲದ ಸ್ಟೀರಿಯೊ ಆಂಪ್ಲಿಫೈಯರ್, ಎರಡು ಪ್ಯಾಸಿವ್ ಸ್ಪೀಕರ್ ಧೂಳು ತಿಂತಾ ಕೂತಿವೆ. ಆದ್ರೂ ಸೌಂಡ್‌ಬಾರ್‌ಗೆ ದುಡ್ಡು ಕೂಡಿಡ್ತಾ ಇದ್ದೀರಾ? ಸ್ವಲ್ಪ ತಡೀರಿ.

ಪಿಎಸ್5 ಡಬ್ಬಿಯ ಹಿಂದೆ ಅನಲಾಗ್ ಔಟ್ ಇಲ್ಲ, ನಿಜ. ಆದರೆ ಸದ್ದು ಚಿತ್ರದ ಜೊತೆ ಎಚ್‌ಡಿಎಂಐನಲ್ಲಿ ಟಿವಿಗೆ ಹೋಗುತ್ತೆ. ಟಿವಿ ಅದನ್ನ ಅನಲಾಗ್ ಮಾಡಿ ಹೆಡ್‌ಫೋನ್ ಜಾಕ್‌ಗೆ ಕೊಡುತ್ತೆ. ಒಂದು ಕಡೆ 3.5 ಎಂಎಂ ಪಿನ್, ಇನ್ನೊಂದು ಕಡೆ ಕೆಂಪು-ಬಿಳಿ ಆರ್‌ಸಿಎ ಇರೋ ಕೇಬಲ್ ತನ್ನಿ. ಆಂಪ್ಲಿಫೈಯರ್ ಆಫ್ ಮಾಡಿ, ಆಕ್ಸ್ ಅಥವಾ ಸಿಡಿ ಇನ್‌ಪುಟ್‌ಗೆ ಹಾಕಿ. ಫೋನೊಗೆ ಮಾತ್ರ ಬೇಡ. ಅದು ರೆಕಾರ್ಡ್ ಪ್ಲೇಯರ್‌ನ ಸಣ್ಣ ಸಿಗ್ನಲ್‌ಗೆ ಮಾಡಿದ್ದು, ಟಿವಿ ಸದ್ದು ಅಲ್ಲಿ ಒಡೆದು ಹೋಗುತ್ತೆ. ಪಿಎಸ್5 ಸೌಂಡ್ ಸೆಟ್ಟಿಂಗ್‌ನಲ್ಲಿ `Linear PCM` ಆರಿಸಿ. ಡಾಲ್ಬಿ ಕಳಿಸಿದ್ರೆ ಕೆಲವು ಟಿವಿಗಳ ಜಾಕ್‌ನಲ್ಲಿ ಸದ್ದೇ ಬರಲ್ಲ.

"ಹೆಡ್‌ಫೋನ್ ಜಾಕ್ ಸೌಂಡ್ ಚೆನ್ನಾಗಿರಲ್ಲ" ಅಂತಾರಲ್ಲ, ಬಹಳ ಸಲ ತಪ್ಪು ಜಾಕ್‌ದಲ್ಲ, ವಾಲ್ಯೂಮ್‌ದು. ಇಲ್ಲಿ ವಾಲ್ಯೂಮ್ ಎರಡಿವೆ: ಟಿವಿಯದ್ದು, ಆಂಪ್ಲಿಫೈಯರ್‌ದು. ಟಿವಿನ 15ಕ್ಕೆ ಇಟ್ಟು ಆಂಪ್ಲಿಫೈಯರ್ ಜೋರು ಮಾಡಿದ್ರೆ, ಟಿವಿಯ 'ಸ್ಸ್' ಕೂಡ ದೊಡ್ಡದಾಗಿ ಕೇಳುತ್ತೆ. 100 ಮಾಡಿದ್ರೆ ಕೆಲವು ಟಿವಿಗಳಲ್ಲಿ ಸ್ಫೋಟದ ಸೀನ್ ಬಂದಾಗ ಸದ್ದು ಕರಕರ ಅನ್ನುತ್ತೆ.

ಹೀಗೆ ಮಾಡಿ: ಆಂಪ್ಲಿಫೈಯರ್ ತುಂಬಾ ಕಡಿಮೆ ಇಡಿ. ಗೇಮ್‌ನಲ್ಲಿ ಅತಿ ಜೋರಿನ ಜಾಗ ಹಾಕಿ, ಟಿವಿ ವಾಲ್ಯೂಮ್ 50ರಿಂದ ಏರಿಸ್ತಾ ಹೋಗಿ. 90ರಲ್ಲಿ ಕರಕರ ಶುರುವಾಯ್ತು ಅನ್ಕೊಳ್ಳಿ, 80ಕ್ಕೆ ಇಳಿಸಿ ಅಲ್ಲೇ ಬಿಡಿ. ಇನ್ಮೇಲೆ ಜೋರು-ಮೆಲ್ಲಗೆ ಎಲ್ಲಾ ಆಂಪ್ಲಿಫೈಯರ್ ನಾಬ್‌ನಲ್ಲೇ. ಟಿವಿ ಮೆನುನಲ್ಲಿ ಆಡಿಯೊ ಔಟ್ 'ಫಿಕ್ಸೆಡ್' ಅಂತ ಇದ್ರೆ ಈ ಕೆಲಸವೂ ಉಳೀತು.

ಬೇಸ್ ಕಾಣೆಯಾಗಿ, ಮಾತು ನಡುವಿಂದ ಬರದೆ ಎಲ್ಲೋ ಚದುರಿದ ಹಾಗಿದ್ರೆ, ಒಂದು ಸ್ಪೀಕರ್‌ನ ಪ್ಲಸ್-ಮೈನಸ್ ತಂತಿ ಅದಲು ಬದಲಾಗಿದೆ. 'ಗುಂಯ್' ಅಂತಿದ್ರೆ ಟಿವಿಯಿಂದ ಡಿಶ್ ಅಥವಾ ಕೇಬಲ್ ವೈರ್ ಒಮ್ಮೆ ಕಿತ್ತು ನೋಡಿ. ಸದ್ದು ನಿಂತ್ರೆ ಕಳ್ಳ ಅದೇ.

ಇದ್ರಲ್ಲಿ ಸರೌಂಡ್ ಸಿಗಲ್ಲ, ಒಪ್ತೀನಿ. ಹೊಸ ಟಿವಿ ಎಷ್ಟೋ ಜಾಕ್ ಇಲ್ದೇನೇ ಬರ್ತಿವೆ, ಅವಕ್ಕೆ ಆಪ್ಟಿಕಲ್‌ನಿಂದ ಅನಲಾಗ್ ಮಾಡೋ ಸಣ್ಣ ಡಬ್ಬಿ ಬೇಕು. ಆದ್ರೆ ಶತ್ರುವಿನ ಹೆಜ್ಜೆ ಎಡಕ್ಕಾ ಬಲಕ್ಕಾ ಅಂತ ತಿಳಿಯೋಕೆ, ಆರಡಿ ದೂರ ಇಟ್ಟ ಎರಡು ಸ್ಪೀಕರ್ ಮುಂದೆ ಮೂರಡಿ ಪಟ್ಟಿ ನಿಲ್ಲಲ್ಲ. ಮೊದಲು ಕೇಬಲ್ ಹಾಕಿ ಕೇಳಿ, ಆಮೇಲೆ ಪರ್ಸ್ ತೆಗೀರಿ.

ನಿಮ್ಮ ಟಿವಿ ಎಷ್ಟರಲ್ಲಿ ಕರಕರ ಅಂತು? ಕಾಮೆಂಟ್‌ನಲ್ಲಿ ಹಾಕಿ 👇

#ಕನ್ನಡಟೆಕ್ #ಗೇಮಿಂಗ್ #ಹಳೇಆಂಪ್ಲಿಫೈಯರ್